ಅಮೆರಿಕದವರಿಗೆ 32,50,000 ಅಂತ ಬರೆದು ಕಳಿಸಿದೆ, ತಾರೀಖೂ ಉಲ್ಟಾ ಆಯಿತು. ಮೇಲ್‌ನಲ್ಲಿ ಅಂಕಿ ಹೇಗೆ ಬರೀತೀರಿ?

ಮೆಣಸಿನ ಬಳ್ಳಿ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟ, ಜೊತೆಗೆ ಕಾಳುಮೆಣಸು. ಸುತ್ತಲಿನ ಹತ್ತು ಹನ್ನೆರಡು ಮನೆಯವರ ಮೆಣಸು ಸೇರಿಸಿ ಹೊರದೇಶಕ್ಕೆ ಕಳಿಸುವ ಕೆಲಸ ಶುರು ಮಾಡಿ ಮೂರು ವರ್ಷ ಆಯಿತು. ಮಾಲು ನೋಡುವುದು ಮಾವ. ಮೇಲ್ ಬರೆಯುವುದು ನಾನು.

2025ರ ಜೂನ್ 20ರಂದು ನ್ಯೂಜೆರ್ಸಿಯ ಒಬ್ಬ ವ್ಯಾಪಾರಿಗೆ ದರ ಬರೆದು ಕಳಿಸಿದೆ. ಬರೆದದ್ದು ಇಷ್ಟೇ:

```
Black pepper, 5,000 kg @ Rs.650/kg
Total Rs.32,50,000/- (32.5 L)
Advance 30% by 05/07/25
Shipment 10/08/25
```

ಮೂರು ದಿನ ಬಿಟ್ಟು ಉತ್ತರ ಬಂತು. ಒಟ್ಟು ಮೊತ್ತ 3,250,000 ಆ ಅಥವಾ 325,000 ಆ, ನಡುವೆ ಒಂದು ಅಂಕಿ ಬಿಟ್ಟುಹೋಗಿದೆಯಾ ಅಂತ ಕೇಳಿದ್ದರು. L ಅಂದರೆ ಏನು ಅಂತ ಇನ್ನೊಂದು ಪ್ರಶ್ನೆ. ಅಡ್ವಾನ್ಸ್ ಕೊಡುವ ತಾರೀಖು ಆಗಲೇ ಕಳೆದುಹೋಗಿದೆಯಲ್ಲ ಅಂತ ಮತ್ತೊಂದು. ನಾನು ಜುಲೈ 5 ಅಂದುಕೊಂಡಿದ್ದೆ, ಅವರು ಮೇ 7 ಅಂತ ಓದಿದ್ದರು. ಎಲ್ಲದಕ್ಕೂ ಉತ್ತರ ಬರೆದೆ. ಮುಗಿಯಿತು ಅಂದುಕೊಂಡೆ.

ಜುಲೈ ಕೊನೆಗೆ ಮಾಲು ರೆಡಿ ಇದೆ ಅಂತ ಬರೆದರೆ ಅವರು, "ಇಷ್ಟು ಬೇಗ ಯಾಕೆ? ನೀವೇ ಅಕ್ಟೋಬರ್ 8 ಅಂದಿದ್ದಿರಲ್ಲ, ಗೋದಾಮಿನಲ್ಲಿ ಜಾಗ ಅದಕ್ಕೇ ಹಿಡಿದಿಟ್ಟಿದ್ದೇವೆ" ಅಂದರು. ನಮ್ಮ ಮಳೆಗಾಲ ಗೊತ್ತಲ್ಲ. ಐದು ಟನ್ ಮೆಣಸು ಎರಡು ತಿಂಗಳು ಮನೆಯ ಅಟ್ಟದ ಮೇಲೆ ಇಡುವುದು ಅಂದರೆ ತೇವ ಹಿಡಿಯದ ಹಾಗೆ ದಿನಾ ಕಾಯಬೇಕು. ಮಾವ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಮುಂದಿನ ಮೇಲ್ ಬರೆಯುವ ಮೊದಲು ಕೇಳುತ್ತಿದ್ದೇನೆ. ಅಂಕಿ, ತಾರೀಖು, ಹಣದ ಚಿಹ್ನೆ, ಇವು ಯಾರು ಓದಿದರೂ ಒಂದೇ ಅರ್ಥ ಬರುವ ಹಾಗೆ ಹೇಗೆ ಬರೀತೀರಿ?

ಕುಮಟಾ ಕ್ಯಾಶಿಯರ್

ತಂಗಿ, ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಇದಕ್ಕೆ ಮದ್ದು ಸುಲಭ. ಚೆಕ್ಕಿನಲ್ಲಿ ಬರೆಯುವ ಹಾಗೆ ಅಂಕಿಯ ಮುಂದೆ ಅಕ್ಷರದಲ್ಲೂ ಬರೆದುಬಿಡಿ. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಇದ್ದದ್ದೇ ಮೊತ್ತ ಅಂತ 1881ರ ಕಾನೂನಿನಲ್ಲೇ ಇದೆ. "Rupees Thirty Two Lakh Fifty Thousand Only" ಅಂತ ಬರೆದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಬಂದರು ಕಾಗದ, ಕಾರವಾರ

ಕ್ಯಾಶಿಯರ್ ಮಾಮ, ಅಕ್ಷರದಲ್ಲಿ ಬರೆಯಬೇಕು ಅನ್ನುವುದು ಸರಿ. ಆದರೆ ನ್ಯೂಜೆರ್ಸಿಯವನಿಗೆ ಲಾಖ್ ಅನ್ನುವ ಶಬ್ದವೇ ಗೊತ್ತಿಲ್ಲ. ಅಂಕಿಯಲ್ಲಿ ಇದ್ದ ಗೊಂದಲವನ್ನೇ ಅಕ್ಷರದಲ್ಲಿ ಇನ್ನೊಮ್ಮೆ ಬರೆದ ಹಾಗಾಯಿತು. ಅವನಿಗೆ ಬರೆಯುವಾಗ "three million two hundred fifty thousand" ಅನ್ನಬೇಕು.

ನಾನು ಹಡಗಿನ ಕಾಗದಪತ್ರ ಮಾಡುವ ಕೆಲಸದಲ್ಲಿ ಇದ್ದವಳು, ಮೊದಲು ಮಂಗಳೂರು, ಈಗ ಕಾರವಾರ. ಬಳ್ಳಿಯವರ ಮೇಲ್ ನೋಡಿದೆ. ನಾಲ್ಕು ಸಾಲಿನಲ್ಲಿ ಸಿಕ್ಕಿಬೀಳುವ ಜಾಗ ಏಳೆಂಟು ಇವೆ. ಮೊದಲು ಮೊತ್ತ ನೋಡೋಣ.

ನಾವು ಬಲಗಡೆಯಿಂದ ಮೂರು ಅಂಕಿ ಬಿಟ್ಟು ಅಲ್ಪವಿರಾಮ ಹಾಕುತ್ತೇವೆ, ಆಮೇಲೆ ಎರಡೆರಡಕ್ಕೆ. ಅವರು ಕೊನೆಯ ತನಕ ಮೂರು ಮೂರಕ್ಕೇ ಹಾಕುತ್ತಾರೆ. 32,50,000 ನೋಡಿದ ಕೂಡಲೇ ಅವರ ಕಣ್ಣಿಗೆ ಬೀಳುವುದು ನಡುವಿನ "50". ಅಲ್ಲಿ ಮೂರು ಅಂಕಿ ಇರಬೇಕಿತ್ತು, ಒಂದು ಬಿದ್ದುಹೋಗಿದೆ ಅನ್ನಿಸುತ್ತದೆ. ಹಾಗಾಗಿಯೇ ಅಂಕಿ ಬಿಟ್ಟುಹೋಗಿದೆಯಾ ಅಂತ ಕೇಳಿದ್ದು. ಪಾಪ, ಕೇಳಿದನಲ್ಲ. ಕೇಳದೆ ತನಗೆ ತೋಚಿದ ಹಾಗೆ ತುಂಬಿಕೊಳ್ಳುವವರೂ ಇದ್ದಾರೆ.

ಬದಲಾಯಿಸುವುದು ಹೀಗೆ: ಅಲ್ಪವಿರಾಮ ಎಲ್ಲ ತೆಗೆದುಹಾಕಿ. 3250000 ಉಳಿಯಿತು. ಅಂಕಿ ಎಣಿಸಿ, ಏಳು. ಈಗ ಬಲಗಡೆಯಿಂದ ಮೂರು ಮೂರಕ್ಕೆ ಹಾಕಿ, 3,250,000. ಮತ್ತೆ ಎಣಿಸಿ, ಏಳೇ ಇರಬೇಕು. ಎರಡನೇ ಸಲ ಎಣಿಸುವುದನ್ನು ಬಿಡಬೇಡಿ. ಇದ್ದ ಅಲ್ಪವಿರಾಮವನ್ನು ಅಲ್ಲೇ ಆಚೀಚೆ ಸರಿಸಲು ಹೋದಾಗಲೇ ಒಂದು ಸೊನ್ನೆ ಮಾಯವಾಗುವುದು.

ಮಾತಿನಲ್ಲಿ ಹೇಳುವಾಗ ಹತ್ತು ಲಕ್ಷಕ್ಕೆ ಒಂದು ಮಿಲಿಯನ್, ಒಂದು ಕೋಟಿಗೆ ಹತ್ತು ಮಿಲಿಯನ್. ಹಾಗಾಗಿ 32.5 ಲಕ್ಷ ಅಂದರೆ 3.25 ಮಿಲಿಯನ್. ಲಕ್ಷವನ್ನು ಹತ್ತರಿಂದ ಭಾಗಿಸಬೇಕು, ಕೋಟಿಯನ್ನು ಹತ್ತರಿಂದ ಗುಣಿಸಬೇಕು. ಅವಸರದಲ್ಲಿ 1.2 ಕೋಟಿಯನ್ನು 1.2 ಮಿಲಿಯನ್ ಅಂತ ಬರೆದವರನ್ನು ಕಂಡಿದ್ದೇನೆ. ಹತ್ತರಲ್ಲಿ ಒಂದು ಪಾಲಾಗಿ ಹೋಯಿತು!

ಇನ್ನೊಂದು ಮಾತು. ನಿಮ್ಮನ್ನು ಉಳಿಸಿದ್ದು ಆ ಮೊದಲ ಸಾಲು. 5,000 ಕೆಜಿ, ಕೆಜಿಗೆ 650 ಅಂತ ಬರೆದಿರಿ. ಅನುಮಾನ ಬಂದವನು ಗುಣಿಸಿ ನೋಡಬಹುದು. ಬರೀ ಒಟ್ಟು ಮೊತ್ತ ಬರೆದಿದ್ದರೆ ತಾಳೆ ನೋಡಲಿಕ್ಕೆ ಅವನ ಹತ್ತಿರ ಏನೂ ಇರುತ್ತಿರಲಿಲ್ಲ.

ಕೋಡಿನ ಹುಡುಗ, ಯಲ್ಲಾಪುರ

ಸುಮ್ನೆ 3.25M ಅಂತ ಬರೆದರೆ ಆಯ್ತು. ಎಲ್ಲರಿಗೂ ಅರ್ಥ ಆಗತ್ತೆ. ತಾರೀಖಿಗೆ ಐಎಸ್‌ಒ 8601 ಇದೆ, 2025-08-10. ಜಗತ್ತಿಗೆಲ್ಲ ಒಂದೇ. ಇಷ್ಟಕ್ಕೆ ಇಷ್ಟು ಚರ್ಚೆ ಯಾಕೆ?

ಬಂದರು ಕಾಗದ, ಕಾರವಾರ

ಎಲ್ಲರಿಗೂ ಅರ್ಥ ಆಗುವುದಿಲ್ಲ ತಮ್ಮಾ. ಅಮೆರಿಕದ ಬ್ಯಾಂಕು, ಲೆಕ್ಕಪತ್ರದವರಲ್ಲಿ ಒಂದು ಹಳೇ ರೂಢಿ ಇದೆ. ರೋಮನ್ ಅಂಕಿಯ ಲೆಕ್ಕದಲ್ಲಿ M ಅಂದರೆ ಸಾವಿರ, MM ಅಂದರೆ ಮಿಲಿಯನ್. ಆ ರೂಢಿಯವನಿಗೆ 3.25M ಅಂದರೆ ಮೂರು ಸಾವಿರದ ಇನ್ನೂರೈವತ್ತು. ನಮ್ಮ Cr, L ಅಂತೂ ಹೊರಗೆ ನಡೆಯುವುದೇ ಇಲ್ಲ, L ಅನ್ನು ಲೀಟರ್ ಅಂತ ಓದುತ್ತಾರೆ. ಆರು ಅಕ್ಷರ ಉಳಿಸಲು ಹೋಗಿ ಯಾಕೆ ರಿಸ್ಕ್, million ಅಂತ ಪೂರ್ತಿ ಬರೆಯಿರಿ. ಕೊಡಬೇಕಾದ ಹಣವನ್ನಂತೂ ಎಲ್ಲ ಅಂಕಿ ಹಾಕಿಯೇ ಬರೆಯಬೇಕು. ಮಿಲಿಯನ್ ಬರುವುದು ಮಾತಿನ ಮಧ್ಯೆ, ಅಂದಾಜು ಹೇಳುವಾಗ.

ತಾರೀಖಿನ ವಿಷಯ ಆಮೇಲೆ ಹೇಳ್ತೇನೆ, ಈಗ ಒಂದು ಬಿಲ್ಲು ನೋಡಬೇಕು.

ಯಾಣದ ದಾರಿ, ಕುಮಟಾ

ನನ್ನದೂ ಇದೇ ಅಭಿಪ್ರಾಯ. ಕನ್ನಡದವರು ಕನ್ನಡ ಅಂಕಿಯಲ್ಲೇ ಬರೆಯಬೇಕು. ೧೨೩ ಬಿಟ್ಟು 123 ಯಾಕೆ ಬರೆಯುತ್ತೇವೆ? ನಮ್ಮ ಮನೆಯ ಗೇಟಿನ ಮೇಲೆ ನಾನು ಕನ್ನಡದಲ್ಲೇ ನಂಬರ್ ಬರೆಸಿದ್ದೇನೆ.

ಮೆಣಸಿನ ಬಳ್ಳಿ, ಶಿರಸಿ

ಅಣ್ಣಾ, ನಾನು ಕೇಳಿದ್ದು ಅದಲ್ಲ. ಓದುವವನು ನ್ಯೂಜೆರ್ಸಿಯಲ್ಲಿದ್ದಾನೆ. ನಮ್ಮ ೧ ಅವನಿಗೆ ಸೊನ್ನೆಯ ಹಾಗೆ ಕಾಣುತ್ತದೆ!

ಯಾಣದ ದಾರಿ, ಕುಮಟಾ

ಹೌದಾ, ಸರಿ ಸರಿ. ಆದರೆ ಇದು ಅವನಿಗೆ ಮಾತ್ರ ಅಲ್ಲ. ನಮ್ಮ ಮಗನಿಗೇ ೬ ಯಾವುದು ೯ ಯಾವುದು ಅಂತ ಗೊತ್ತಾಗುವುದಿಲ್ಲ. ಕಾರವಾರದ ಕಡೆ ಮರಾಠಿ ಬೋರ್ಡಿನ १ ನೋಡಿ ಒಂಬತ್ತು ಅಂತ ಓದಿದ್ದ. ಹೋಗಲಿ ಬಿಡಿ, ನೀವು ಮುಂದುವರಿಸಿ.

ಮಸ್ಕತ್ತಿನ ಭಟ್ಕಳಿ

ಇಲ್ಲಿ ಒಮಾನಿನಲ್ಲಿ ಇನ್ನೊಂದು ಥರ ನೋಡಿ. ಒಂದು ರಿಯಾಲಿಗೆ ಸಾವಿರ ಬೈಸಾ. ಹಾಗಾಗಿ ಬಿಲ್ಲಿನಲ್ಲಿ ಬಿಂದುವಿನ ನಂತರ ಮೂರು ಅಂಕಿ ಬರೆಯುತ್ತಾರೆ. OMR 12.500 ಅಂದರೆ ಹನ್ನೆರಡೂವರೆ ರಿಯಾಲ್. ನಾನು ಹೊಸದಾಗಿ ಬಂದಾಗ ಬಾಡಿಗೆಯ ಚೀಟಿಯಲ್ಲಿ 125.500 ನೋಡಿ ಒಂದು ಲಕ್ಷದ ಇಪ್ಪತ್ತೈದು ಸಾವಿರದ ಐನೂರು ಅಂತ ಎದೆ ಹಿಡಿದುಕೊಂಡಿದ್ದೆ. ಆಮೇಲೆ ನೋಡಿದರೆ ನೂರ ಇಪ್ಪತ್ತೈದೂವರೆ. ಕುವೈತ್, ಬಹರೈನ್ ದಿನಾರಿಗೂ ಹೀಗೆಯೇ ಮೂರು ಅಂಕಿ.

ಊರಿಗೆ ಮೇಲ್ ಮಾಡುವಾಗ ನಾನು ಕೊನೆಯ ಸೊನ್ನೆಗಳನ್ನು ಬಿಟ್ಟು 125.5 ಅಂತ ಬರೀತೇನೆ. ಇಲ್ಲಾಂದ್ರೆ ಅಬ್ಬಾನಿಗೆ ಫೋನಿನಲ್ಲಿ ಅರ್ಧ ಗಂಟೆ ವಿವರಿಸಬೇಕು.

ಬಂದರು ಕಾಗದ, ಕಾರವಾರ

ಒಳ್ಳೇ ಉದಾಹರಣೆ ಭಾಯ್. ಇದೇ ತೊಂದರೆ ಜರ್ಮನಿಯವರ ಜೊತೆಗೂ ಇದೆ. ಅವರಲ್ಲಿ ಅಲ್ಪವಿರಾಮ ದಶಮಾಂಶಕ್ಕೆ, ಬಿಂದು ಸಾವಿರಕ್ಕೆ. ಬಳ್ಳಿಯವರ "5,000 kg" ಅನ್ನುವುದನ್ನು ಜರ್ಮನಿಯವನು ತನ್ನ ರೂಢಿಯಲ್ಲಿ ಓದಿದರೆ ಐದು ಕೆಜಿ, ಗ್ರಾಮಿನವರೆಗೆ ತೂಗಿದ್ದು! ಮೆಣಸಿನ ವ್ಯಾಪಾರಿ ಹಾಗೆ ಓದುವುದಿಲ್ಲ ಬಿಡಿ, ಐದು ಕೆಜಿಗೆ ಯಾರೂ ಹಡಗು ಹುಡುಕುವುದಿಲ್ಲ. ಆದರೆ "1.250 kg" ಅಂತ ಇದ್ದರೆ? ಅದು ಸ್ಯಾಂಪಲ್ಲೋ ಲೋಡೋ ಹೇಳಲಿಕ್ಕೆ ಬರುವುದಿಲ್ಲ.

ನಾನು ಮಾಡುವುದು ಏನೆಂದರೆ, ನಾಲ್ಕು ಅಂಕಿಯ ತನಕ ಯಾವ ಚಿಹ್ನೆಯನ್ನೂ ಹಾಕುವುದಿಲ್ಲ. 5000 kg, ಅಷ್ಟೇ. ಅದಕ್ಕಿಂತ ದೊಡ್ಡದಾದರೆ ಓದುವವನ ದೇಶ ನೋಡಿ ಹಾಕುತ್ತೇನೆ. ಯಾರು ಓದುತ್ತಾರೆ ಅಂತ ಗೊತ್ತಿಲ್ಲದಿದ್ದರೆ ಮೂರು ಮೂರಕ್ಕೆ ಬರೀ ಜಾಗ ಬಿಡುತ್ತೇನೆ, 3 250 000. ನಮ್ಮವರ ಕಣ್ಣಿಗೆ ವಿಚಿತ್ರ ಕಾಣುತ್ತದೆ, ಆದರೆ ದಶಮಾಂಶ ಅಂತ ಯಾರೂ ಓದುವುದಿಲ್ಲ. ಒಂದೇ ತೊಂದರೆ, ಸಾಲು ಮುರಿಯುವ ಜಾಗದಲ್ಲಿ ಬಂದರೆ 3 ಮೇಲಿನ ಸಾಲಿನಲ್ಲಿ, 250 000 ಕೆಳಗೆ. ಫೋನಿನಲ್ಲಿ ಮೇಲ್ ಓದುವವರಿಗೆ ಹೀಗೆ ಆಗುವುದು ಜಾಸ್ತಿ.

ಮೆಣಸಿನ ಬಳ್ಳಿ, ಶಿರಸಿ

ಅಲ್ಪವಿರಾಮ ಅಂದಾಗ ನೆನಪಾಯಿತು. ಅಡ್ವಾನ್ಸ್ ಬಂದಾಗ ಅವರು ಬ್ಯಾಂಕಿನ ಸ್ವಿಫ್ಟ್ ಕಾಪಿ ಕಳಿಸಿದ್ದರು. ಅದರಲ್ಲಿ ಈ ಸಾಲು ಇತ್ತು:

```
:32A:250703USD11470,59
```

ಮಾವ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. "ಹನ್ನೊಂದು ಲಕ್ಷ ನಲವತ್ತೇಳು ಸಾವಿರದ ಐವತ್ತೊಂಬತ್ತು. ಒಂಬತ್ತೂ ಮುಕ್ಕಾಲು ಲಕ್ಷ ಕೇಳಿದ್ದೆವು, ಜಾಸ್ತಿ ಹಾಕಿದ್ದಾನಲ್ಲೇ!" ಅಂತ ಖುಷಿಯಾಗಿಬಿಟ್ಟರು. ನಾನೂ ಒಂದು ಗಳಿಗೆ ನಂಬಿದೆ. ತಾರೀಖಂತೂ 2003ನೇ ಇಸವಿಯ ಜುಲೈ 25 ಅಂತ ಓದಿಕೊಂಡೆ. ಇದು ಯಾಕೆ ಹೀಗೆ?

ಬಂದರು ಕಾಗದ, ಕಾರವಾರ

ಮಾವನವರಿಗೆ ನನ್ನ ನಮಸ್ಕಾರ ಹೇಳಿ. ಅವರ ತಪ್ಪಲ್ಲ. ಸ್ವಿಫ್ಟಿನ ಆ ಪದ್ಧತಿಯಲ್ಲಿ ಸಾವಿರಕ್ಕೆ ಯಾವ ಗುರುತೂ ಇಲ್ಲ, ದಶಮಾಂಶಕ್ಕೆ ಅಲ್ಪವಿರಾಮವೇ ಕಡ್ಡಾಯ. 32A ಅನ್ನುವ ಸಾಲಿನಲ್ಲಿ ಮೊದಲ ಆರು ಅಂಕಿ ತಾರೀಖು, ಇಸವಿ ಮೊದಲು, ಆಮೇಲೆ ತಿಂಗಳು, ದಿನ. 250703 ಅಂದರೆ 2025ರ ಜುಲೈ 3. ಆಮೇಲೆ ಮೂರು ಅಕ್ಷರದ ಕರೆನ್ಸಿ. ಉಳಿದದ್ದು ಮೊತ್ತ, ಹನ್ನೊಂದು ಸಾವಿರದ ನಾನೂರ ಎಪ್ಪತ್ತು ಡಾಲರ್, 59 ಸೆಂಟ್. ಡಾಲರಿಗೆ 85 ಹಿಡಿದರೆ 9,75,000 ರೂಪಾಯಿ. ನೀವು ಕೇಳಿದ ಮೂವತ್ತು ಪರ್ಸೆಂಟಿಗೆ ತಾಳೆ ಆಯಿತಲ್ಲ.

ಅದು ಯಂತ್ರ ಓದಲಿ ಅಂತ ಮಾಡಿದ್ದು. ಆ ಸಾಲನ್ನು ಕಾಪಿ ಮಾಡಿ ಮೇಲ್‌ನಲ್ಲಿ ಹಾಗೇ ಅಂಟಿಸಬೇಡಿ. "USD 11,470.59 received, value date 3 July 2025" ಅಂತ ಬಿಡಿಸಿ ಬರೆಯಿರಿ.

ಈಗ ತಾರೀಖಿನ ವಿಷಯ. ಬಳ್ಳಿಯವರ ಎರಡು ತಾರೀಖಿನಲ್ಲಿ ಒಂದು ಸಿಕ್ಕಿಬಿತ್ತು, ಇನ್ನೊಂದು ತಪ್ಪಿಸಿಕೊಂಡಿತು. ಯಾಕೆ ಅಂತ ನೋಡಿ. 05/07 ಅನ್ನು ಅವನು ಮೇ 7 ಅಂತ ಓದಿದ. ಮೇಲ್ ಹೋದದ್ದು ಜೂನಿನಲ್ಲಿ. ಕಳೆದ ದಿನಕ್ಕೆ ಅಡ್ವಾನ್ಸ್ ಹೇಗೆ ಕೊಡುವುದು ಅಂತ ಅವನಿಗೇ ಅನುಮಾನ ಬಂತು, ಕೇಳಿದ. 10/08 ಅನ್ನು ಅಕ್ಟೋಬರ್ 8 ಅಂತ ಓದಿದಾಗ ಏನೂ ವಿಚಿತ್ರ ಕಾಣಲಿಲ್ಲ. ಮುಂದಿನ ತಾರೀಖು, ಮಾಲು ಕಳಿಸುವುದಕ್ಕೆ ಹೊಂದುವ ತಾರೀಖು. ಸುಮ್ಮನೆ ಒಪ್ಪಿಕೊಂಡ. ಮೊದಲನೇ ಪ್ರಶ್ನೆ ಬಂದಾಗಲೇ ನೀವು ಅನುಮಾನ ಪಡಬೇಕಿತ್ತು. ಒಂದು ತಾರೀಖು ಉಲ್ಟಾ ಓದಿದವನು ಎಲ್ಲವನ್ನೂ ಉಲ್ಟಾ ಓದಿರುತ್ತಾನೆ.

13ರಿಂದ ಮೇಲಿನ ದಿನವಾದರೆ ಹೆದರಿಕೆ ಇಲ್ಲ, 13ನೇ ತಿಂಗಳು ಇಲ್ಲವಲ್ಲ. ದಿನ, ತಿಂಗಳು ಎರಡೂ 12ರ ಒಳಗೆ ಇದ್ದರೆ ಮಾತ್ರ ಗೊಂದಲ. ಅದರಲ್ಲೂ 05/05ರ ಥರದವು ಹೇಗೆ ಓದಿದರೂ ಒಂದೇ. ಲೆಕ್ಕ ಹಾಕಿದರೆ ವರ್ಷಕ್ಕೆ 132 ದಿನ ಹೀಗೆ ಎರಡು ಬಗೆಯಲ್ಲಿ ಓದಬಹುದು. ಪ್ರತಿ ತಿಂಗಳ ಮೊದಲ ಹನ್ನೆರಡು ದಿನದಲ್ಲಿ ಹನ್ನೊಂದು ದಿನ.

ಕೋಡಿನ ಹುಡುಗ, ಯಲ್ಲಾಪುರ

ಅದಕ್ಕೇ ನಾನು ಹೇಳಿದ್ದು. 2025-08-10 ಬರೆದರೆ ಈ 132 ದಿನದ ಪ್ರಶ್ನೆಯೇ ಇಲ್ಲ. ಇಸವಿ ಮೊದಲು ಬಂದರೆ ಆಮೇಲೆ ಬರುವುದು ತಿಂಗಳು. ಇಸವಿ-ದಿನ-ತಿಂಗಳು ಅಂತ ಯಾರೂ ಬರೆಯುವುದಿಲ್ಲ. ಫೈಲಿನ ಹೆಸರಿನಲ್ಲಿ ಹಾಕಿದರೆ ತಾನಾಗಿಯೇ ಕ್ರಮಕ್ಕೆ ಕೂರುತ್ತದೆ.

ಬಂದರು ಕಾಗದ, ಕಾರವಾರ

ಫೈಲಿನ ಹೆಸರಿಗೆ ನಾನೂ ಅದನ್ನೇ ಹಾಕುತ್ತೇನೆ. ಮೇಲ್‌ನಲ್ಲಿ ಮಾತ್ರ 10 August 2025 ಅಂತಲೇ ಬರೆಯುವುದು. ತಿಂಗಳು ಅಕ್ಷರದಲ್ಲಿ ಇದ್ದರೆ ಯಾವ ದೇಶದವನೂ ತಪ್ಪು ಓದಲಾರ. ನಿಮ್ಮ ಪದ್ಧತಿ ಓದುವವನಿಗೆ ಗೊತ್ತಿರಬೇಕು, ನನ್ನದಕ್ಕೆ ಏನೂ ಗೊತ್ತಿರಬೇಕಾಗಿಲ್ಲ. ಜೊತೆಗೆ, ನೋಡನೋಡುತ್ತಾ ನಿಮ್ಮವರು ಇಸವಿಯನ್ನು ಮೊಟಕು ಮಾಡಿ 25-08-10 ಅಂತ ಬರೆಯಲು ಶುರು ಮಾಡುತ್ತಾರೆ. ಆಗ 25ನೇ ತಾರೀಖೋ 25ನೇ ಇಸವಿಯೋ?

ಕೋಡಿನ ಹುಡುಗ, ಯಲ್ಲಾಪುರ

ಯಾರೋ ಮೊಟಕು ಮಾಡುತ್ತಾರೆ ಅಂತ ಪದ್ಧತಿಯನ್ನೇ ಬಿಡುವುದಾ ಅಕ್ಕಾ? ನಿಮ್ಮ August ಚೀನಾದವನಿಗೆ ಕಷ್ಟ, ನನ್ನ 2025-08-10 ಅವನಿಗೆ ಮನೆಯದೇ. ಅವರು ಇಸವಿಯೇ ಮೊದಲು ಬರೆಯುವವರು. ನಾನಂತೂ ಬದಲಾಯಿಸಲ್ಲ.

ಆದರೆ ಒಂದು ವಿಷಯ ಹೇಳ್ತೇನೆ, ಇದು ಕೆಲಸಕ್ಕೆ ಬರತ್ತೆ. ಮೇಲ್ ಜೊತೆ ಎಕ್ಸೆಲ್ ಫೈಲ್ ಕಳಿಸುವವರು ನೋಡಿಕೊಳ್ಳಿ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದು ಇದ್ದರೆ, ನೀವು 10/08/2025 ಅಂತ ಟೈಪ್ ಮಾಡಿದ ಕೂಡಲೇ ಅದು ಒಳಗೊಳಗೇ ಅಕ್ಟೋಬರ್ 8 ಆಗಿಬಿಡುತ್ತದೆ. ಕಣ್ಣಿಗೆ ಮಾತ್ರ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. 13/08/2025 ಟೈಪ್ ಮಾಡಿದರೆ ಅದನ್ನು ತಾರೀಖು ಅಂತಲೇ ಒಪ್ಪುವುದಿಲ್ಲ, ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. ಕಂಡುಹಿಡಿಯುವುದು ಸುಲಭ. ತಾರೀಖಿನ ಕಾಲಂ ನೋಡಿ. ಕೆಲವು ಬಲಕ್ಕೆ ಅಂಟಿ, ಕೆಲವು ಎಡಕ್ಕೆ ಅಂಟಿ ಕೂತಿದ್ದರೆ ಇದೇ ರೋಗ. ಎಡಕ್ಕೆ ಇರುವವು ಬರೀ ಅಕ್ಷರ. ಬಲಕ್ಕೆ ಇರುವವುಗಳಲ್ಲಿ ದಿನ, ತಿಂಗಳು ಅದಲುಬದಲಾಗಿವೆ. ನಾವು ನೋಡಲಿಕ್ಕೆ ಚೆಂದ ಆಗಲಿ ಅಂತ ಕಾಲಂ ಪೂರ್ತಿ ಮಧ್ಯಕ್ಕೆ ತಂದುಬಿಡುತ್ತೇವಲ್ಲ, ಆಗ ಈ ಗುರುತೂ ಹೋಯಿತು. ಅನುಮಾನ ಇದ್ದರೆ ಪಕ್ಕದ ಕಾಲಂನಲ್ಲಿ ಇದನ್ನು ಹಾಕಿ:

```
=TEXT(A2,"dd-mmm-yyyy")
```

ಅಕ್ಟೋಬರ್ ಅಂತ ಬಂದರೆ ಅಲ್ಲೇ ಗೊತ್ತಾಗುತ್ತದೆ.

ಅಂಕಿಯ ಅಲ್ಪವಿರಾಮ ಇದಕ್ಕೆ ಉಲ್ಟಾ. ಎಕ್ಸೆಲ್‌ನಲ್ಲಿ ಒಳಗೆ ಇರುವುದು 3250000 ಮಾತ್ರ. ಮಾಮೂಲಿ ಫಾರ್ಮ್ಯಾಟ್ ಇದ್ದರೆ ನಮ್ಮ ವಿಂಡೋಸ್‌ನಲ್ಲಿ 32,50,000 ಅಂತಲೂ ಅವರಲ್ಲಿ 3,250,000 ಅಂತಲೂ ತಾನೇ ತೋರಿಸುತ್ತದೆ. ಫೈಲ್ ಕಳಿಸಿದರೆ ತೊಂದರೆ ಇಲ್ಲ. ಅದೇ ಕೋಷ್ಟಕವನ್ನು ಕಾಪಿ ಮಾಡಿ ಮೇಲ್ ಒಳಗೆ ಅಂಟಿಸಿದಿರೋ, ನಿಮ್ಮ ಪರದೆಯಲ್ಲಿ ಇದ್ದದ್ದೇ ಗಟ್ಟಿಯಾಗಿ ಕೂರುತ್ತದೆ.

ಮೆಣಸಿನ ಬಳ್ಳಿ, ಶಿರಸಿ

ಅಯ್ಯೋ, ನಾನು ಪ್ರತಿ ಸಲ ಅಂಟಿಸುವುದೇ! ಅದೂ ಮಧ್ಯಕ್ಕೆ ತಂದು.

ಅಂಕೋಲಾ ಅಮ್ಮ

ನನ್ನದು ವ್ಯಾಪಾರದ ವಿಷಯ ಅಲ್ಲ, ಆದರೂ ಹೇಳ್ತೇನೆ. ಮಗಳಿಗೆ ಆಸ್ಟ್ರೇಲಿಯಾದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೇಲ್‌ನಲ್ಲಿ ವರ್ಷದ ಫೀ $32,000 ಅಂತ ಇತ್ತು. ನಾವು ಡಾಲರ್ ಅಂದರೆ ಡಾಲರ್ ಅಂತ 85ರಿಂದ ಗುಣಿಸಿದೆವು. ಇಪ್ಪತ್ತೇಳು ಲಕ್ಷದ ಮೇಲೆ ಬಂತು. ಇವರು ರಾತ್ರಿ ಊಟ ಬಿಟ್ಟರು. ಹಕ್ಕಲು ಮಾರುವ ಮಾತೂ ಬಂತು. ಆಮೇಲೆ ಮಗಳ ಗೆಳತಿ ಹೇಳಿದಳು, ಅದು ಆಸ್ಟ್ರೇಲಿಯಾದ ಡಾಲರ್, 55ರ ಆಸುಪಾಸು ಅಂತ. ಹದಿನೇಳೂವರೆ ಲಕ್ಷ ಚಿಲ್ಲರೆ ಆಯಿತು. ಒಂಬತ್ತೂವರೆ ಲಕ್ಷದ ವ್ಯತ್ಯಾಸ, ಒಂದು ಚಿಹ್ನೆಗೆ! ಸಾಲದ ಅರ್ಜಿಗೆ ಬರೆದಿದ್ದ ಮೇಲ್ ಕಳಿಸಿರಲಿಲ್ಲ, ಪುಣ್ಯ.

ಬಂದರು ಕಾಗದ, ಕಾರವಾರ

ಅಮ್ಮಾ, ನಿಮ್ಮ ಕಥೆಯೇ ನಾನು ಮುಂದೆ ಹೇಳಬೇಕಿದ್ದದ್ದು. ಡಾಲರ್ ಅಮೆರಿಕದ್ದು ಮಾತ್ರ ಅಲ್ಲ. ಆಸ್ಟ್ರೇಲಿಯಾ, ಕೆನಡಾ, ಸಿಂಗಾಪುರ, ಹಾಂಗ್‌ಕಾಂಗ್ ಎಲ್ಲ ಕಡೆ ಅದೇ ಚಿಹ್ನೆ. Rs ಕೂಡ ನಮ್ಮೊಬ್ಬರದಲ್ಲ, ಪಾಕಿಸ್ತಾನ, ನೇಪಾಳ, ಶ್ರೀಲಂಕಾ, ಮಾರಿಷಸ್ ಎಲ್ಲ ರೂಪಾಯಿಯವರೇ. ಅದಕ್ಕೇ ಮೂರು ಅಕ್ಷರದ ಕೋಡು ಬಳಸುವುದು: INR, USD, AUD, AED, OMR. ಅಂಕಿಯ ಮುಂದೆ ಒಂದು ಜಾಗ ಬಿಟ್ಟು ಬರೆಯಿರಿ. Rs.50 ಅಂತ ಅಂಟಿಸಿ ಬರೆದರೆ ಆ ಬಿಂದು ಹೆಸರಿಗೆ ಸೇರಿದ್ದೋ ಅಂಕಿಗೆ ಸೇರಿದ್ದೋ ಗೊತ್ತಾಗುವುದಿಲ್ಲ. ಕೊನೆಯ "/-" ಕೂಡ ಬೇಡ. ಪೈಸೆ ಇಲ್ಲ ಅಂತ ತೋರಿಸಲು, ಮುಂದೆ ಯಾರೂ ಅಂಕಿ ಸೇರಿಸದಿರಲಿ ಅಂತ ಕೈಬರಹದ ಬಿಲ್ಲಿನಲ್ಲಿ ಹಾಕುತ್ತಿದ್ದದ್ದು ಅದು. ಟೈಪ್ ಮಾಡಿದ ಮೇಲ್‌ನಲ್ಲಿ ಅದು ಮುಂದೆ ಏನೋ ಬರಬೇಕಿತ್ತು ಅನ್ನುವ ಹಾಗೆ ಕಾಣುತ್ತದೆ.

ಕುಮಟಾ ಕ್ಯಾಶಿಯರ್

"/-" ಬಿಡಲು ನನ್ನ ಕೈ ಒಪ್ಪುವುದಿಲ್ಲ ನೋಡಿ. ಇರಲಿ. ನಮ್ಮ ₹ ಚಿಹ್ನೆ ಇದೆಯಲ್ಲ, ಅದನ್ನು ಬಳಸಬಾರದಾ? ಅದು ಭಾರತದ್ದೇ, ಬೇರೆ ಯಾರದ್ದೂ ಅಲ್ಲ.

ಬಂದರು ಕಾಗದ, ಕಾರವಾರ

ದೇಶದ ಒಳಗೆ ಧಾರಾಳವಾಗಿ ಬಳಸಿ ಮಾಮ. ವಿಂಡೋಸ್‌ನಲ್ಲಿ English (India) ಕೀಬೋರ್ಡ್ ಇದ್ದರೆ ಬಲಗಡೆಯ Alt ಒತ್ತಿ 4 ಒತ್ತಿದರೆ ಬರುತ್ತದೆ. ಹೊರಗಿನವರಿಗೆ ಅದರ ಗುರುತು ಕಡಿಮೆ. ಹಳೇ ಯಂತ್ರದಲ್ಲಿ ಬರೀ ಚೌಕಾಕಾರದ ಡಬ್ಬಿ ಕಾಣಬಹುದು.

ಈ ಚಿಹ್ನೆ ಬಂದದ್ದು 2010ರ ಜುಲೈ 15ಕ್ಕೆ. ಆಗ ಫಾಂಟುಗಳಲ್ಲಿ ಇನ್ನೂ ಅದಕ್ಕೆ ಜಾಗ ಇರಲಿಲ್ಲ. ಮಂಗಳೂರಿನ ಒಂದು ಕಂಪನಿಯವರು ಕೂಡಲೇ ಒಂದು ಫಾಂಟ್ ಮಾಡಿ ಹಂಚಿದರು. ಕೀಬೋರ್ಡಿನ ಎಡಗಡೆ ಮೇಲಿನ ಮೂಲೆಯ ` ಕೀ ಒತ್ತಿದರೆ ರೂಪಾಯಿ ಚಿಹ್ನೆ ಕಾಣುತ್ತಿತ್ತು. ನಾವೆಲ್ಲ ಖುಷಿಯಿಂದ ಹಾಕಿಕೊಂಡೆವು. ಆದರೆ ಆ ಫಾಂಟ್ ಇಲ್ಲದವರ ಕಂಪ್ಯೂಟರಿನಲ್ಲಿ ₹ ಇರಬೇಕಾದಲ್ಲಿ ಒಂದು ಸಣ್ಣ ಗೀಟು ಮಾತ್ರ. ಆಗಿನ ಕೆಲವು ಬಿಲ್ಲು ತೆರೆದರೆ ಈಗಲೂ `45,000 ಅಂತಲೇ ಕಾಣುತ್ತದೆ.

ಮೆಣಸಿನ ಬಳ್ಳಿ, ಶಿರಸಿ

ಹಳೇ ಮೇಲನ್ನೇ ತಿದ್ದಿ ಬರೆದೆ. ನೋಡಿ ಹೇಳಿ:

```
Black pepper: 5000 kg x INR 650 per kg
Total: INR 3,250,000 (32.5 lakh)
Advance 30%: INR 975,000, due 5 July 2025
Balance 70%: INR 2,275,000
Shipment from Kochi: 10 August 2025
```

ಆವರಣದಲ್ಲಿ ಲಕ್ಷ ಹಾಕಿದ್ದು ಯಾಕೆ ಅಂದರೆ, ಈ ಮೇಲ್‌ನ ಕಾಪಿ ಮಾವನಿಗೂ ನಮ್ಮ ಲೆಕ್ಕ ನೋಡುವವರಿಗೂ ಹೋಗುತ್ತದೆ. ಮಾವ 3,250,000 ಅನ್ನು ಮೂರು ಸಲ ಎಣಿಸುತ್ತಾರೆ.

ಬಂದರು ಕಾಗದ, ಕಾರವಾರ

ಚೆನ್ನಾಗಿದೆ. ಅಡ್ವಾನ್ಸ್, ಬಾಕಿ ಎರಡೂ ಕೂಡಿದರೆ ಒಟ್ಟು ಬರುತ್ತದೆ, ಅದೂ ಒಂದು ತಾಳೆ. ಆದರೆ ಆ ಲಕ್ಷ ತೆಗೆಯಿರಿ. ಒಂದೇ ಮೊತ್ತವನ್ನು ಎರಡು ಪದ್ಧತಿಯಲ್ಲಿ ಬರೆದರೆ ನಾಳೆ ದರ ಬದಲಾದಾಗ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೀರಿ. ಆಗ ಯಾವುದು ಸರಿ? ಮಾವನವರಿಗೆ ಬೇರೆ ಮೇಲ್ ಹಾಕಿ.

ಮಸ್ಕತ್ತಿನ ಭಟ್ಕಳಿ

ನಾನು ಒಪ್ಪಲ್ಲ ಅಕ್ಕಾ. ಎರಡು ಕಡೆ ಬರೆದದ್ದರಿಂದಲೇ ತಪ್ಪು ಸಿಗುವುದು. ಎರಡೂ ತಾಳೆಯಾಗದಿದ್ದರೆ ಓದುವವನು ಕೇಳುತ್ತಾನೆ. ಒಂದೇ ಕಡೆ ತಪ್ಪು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಚೆಕ್ಕಿನಲ್ಲಿ ಎರಡು ಸಲ ಬರೆಸುವುದೂ ಅದಕ್ಕೇ ಅಲ್ವಾ?

ಕುಮಟಾ ಕ್ಯಾಶಿಯರ್

ಹಾಂ, ನಾನು ಮೊದಲೇ ಹೇಳಿದ್ದು ಅದೇ!

ಬಂದರು ಕಾಗದ, ಕಾರವಾರ

ತಾಳೆಯಾಗದ ಚೆಕ್ಕನ್ನು ಕೌಂಟರಿನಲ್ಲಿ ಏನು ಮಾಡುತ್ತಿದ್ದಿರಿ ಮಾಮ? ಕಾನೂನು ಏನೇ ಹೇಳಲಿ, ವಾಪಸ್ ಕಳಿಸುತ್ತಿದ್ದಿರಿ ತಾನೇ?

ಕುಮಟಾ ಕ್ಯಾಶಿಯರ್

ಅದೂ ಹೌದು.

ಮೆಣಸಿನ ಬಳ್ಳಿ, ಶಿರಸಿ

ಲಕ್ಷ ತೆಗೆದೆ. ಮಾವನಿಗೆ ವಾಟ್ಸಾಪಿನಲ್ಲಿ 32,50,000 ಅಂತ ಬೇರೆ ಹಾಕಿದೆ. "ಇದು ಯಾವಾಗಿನದು?" ಅಂತ ಕೇಳಿದರು. ಅಂದರೆ ಮಾತು ಶುರುವಾಯಿತು! ಈಗ ಇನ್ನೊಂದು ಪ್ರಶ್ನೆ. ಮುಂದಿನ ಗಿರಾಕಿ ಜರ್ಮನಿಯವನು, ಕೆಜಿಗೆ 7.25 ಯೂರೋ ಅಂತ ಬರೆಯಬೇಕು. ಮೇಲ್ ಇಂಗ್ಲಿಷಿನಲ್ಲೇ ಇರುತ್ತದೆ. ಬಿಂದು ಹಾಕಲಾ, ಅವರ ಹಾಗೆ ಅಲ್ಪವಿರಾಮ ಹಾಕಲಾ?

ಬಂದರು ಕಾಗದ, ಕಾರವಾರ

ಮೇಲ್ ಇಂಗ್ಲಿಷಿನಲ್ಲಿ ಇದ್ದರೆ ಬಿಂದುವೇ ಹಾಕಿ, EUR 7.25. ಬಿಂದುವಿನ ನಂತರ ಎರಡೇ ಅಂಕಿ ಇದ್ದರೆ ಸಾವಿರ ಅಂತ ಯಾರೂ ಓದುವುದಿಲ್ಲ. ಅಪ್ಪಿತಪ್ಪಿಯೂ 7.250 ಅಂತ ಮಾತ್ರ ಬರೆಯಬೇಡಿ.